ರಾಜೀನಾಮೆಗೆ ಮುನ್ನ ಒಂದು ಶಾಲಾ ವರ್ಷ: ದಾವಣಗೆರೆಯ ಒಂದು ಪ್ರಕರಣ

2024ರ ಮೇ ಕೊನೆಯ ವಾರದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ಬಳಿ ಗಣಿತ ಕಲಿತವಳು. ದಾವಣಗೆರೆಯಲ್ಲೇ ಬಿ.ಇ. ಮುಗಿಸಿದ ಮೇಲೆ ಒಂದೆರಡು ಕಡೆ ದುಡಿದು, 2015ರ ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ ಸೇರಿದ್ದಳು. ಕೊರೊನಾ ಕಾಲದಲ್ಲಿ ಊರಿಗೆ ಮರಳಿದವಳು ಅಂದಿನಿಂದ ವಿದ್ಯಾನಗರದ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ತಂತ್ರಾಂಶದಲ್ಲಿ ದೋಷ ಹುಡುಕುವುದು, ಸರಿಪಡಿಸಿದ ದೋಷ ಮತ್ತೆ ತಲೆ ಎತ್ತಿದೆಯೇ ಎಂದು ಪರೀಕ್ಷಿಸುವುದು ಆಕೆಯ ಕೆಲಸ. ವಯಸ್ಸು ಮೂವತ್ತನಾಲ್ಕು, ಗಂಡ ಒಂದು ಸಹಕಾರಿ ಬ್ಯಾಂಕಿನ ನೌಕರ, ಆರು ವರ್ಷದ ಮಗಳು, ಜೊತೆಗೆ ಅತ್ತೆ.

"ಸರ್, ಕೆಲಸ ಬಿಟ್ಟು ಶಾಲೆಯಲ್ಲಿ ಪಾಠ ಮಾಡಬೇಕು ಎಂದುಕೊಂಡಿದ್ದೇನೆ" ಎಂದಳು. ಮಗಳಿಗೆ, ಪಕ್ಕದ ಮನೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ ಸಿಗುವ ಸಂತೋಷ ಕಚೇರಿ ಕೆಲಸದಲ್ಲಿ ಸಿಗುತ್ತಿಲ್ಲವಂತೆ. ಮೂವತ್ತಾರು ವರ್ಷ ಪಾಠ ಮಾಡಿ ನಿವೃತ್ತನಾದ ನನಗೆ ಆ ಮಾತು ಕೇಳಿ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ಕಲಿಯಲು ಮನಸ್ಸಿರುವ ಒಂದು ಮಗುವಿನ ಪಕ್ಕ ಕುಳಿತು ಹೇಳಿಕೊಡುವುದೇ ಬೇರೆ, ಶಿಕ್ಷಕ ವೃತ್ತಿಯೇ ಬೇರೆ. ಮೊದಲನೆಯದನ್ನು ಕಂಡು ಎರಡನೆಯದಕ್ಕೆ ಬಂದು ನೊಂದವರನ್ನು ಸಿಬ್ಬಂದಿ ಕೊಠಡಿಯಲ್ಲಿ ಕಂಡಿದ್ದೇನೆ.

"ಒಂದು ಶಾಲಾ ವರ್ಷ ಕೆಲಸದಲ್ಲಿದ್ದುಕೊಂಡೇ ಪರೀಕ್ಷಿಸಿ ನೋಡು. ಯಾವುದು ಕಂಡರೆ ಬೇಡವೆಂದು ಹಿಂದೆ ಸರಿಯುತ್ತೀಯೋ ಅದನ್ನು ಇವತ್ತೇ ಬರೆದಿಡು" ಎಂದೆ. ಬರೆದಿಡುವುದು ಆಕೆಗೆ ಹೊಸದಲ್ಲ. ಒಂದು ಇನ್ನೂರು ಪುಟದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರು ವಾಕ್ಯ ಬರೆದಳು. ಸತತ ಮೂರು ವಾರ ಪಾಠಕ್ಕೆ ಹೋಗಲು ಮನಸ್ಸು ಹಿಂಜರಿದರೆ ಬೇಡ. ಮುನ್ಸೂಚನೆಯಿಲ್ಲದೆ ಕೊಡುವ ಪರೀಕ್ಷೆಯಲ್ಲಿ ಮಕ್ಕಳು ಡಿಸೆಂಬರಿನ ಹೊತ್ತಿಗೂ ಸುಧಾರಿಸದಿದ್ದರೆ ಬೇಡ. ಶಿಕ್ಷಕರ ಸಂಬಳದಲ್ಲಿ ಮನೆ ನಡೆಸುವಾಗ ಉಳಿತಾಯಕ್ಕೆ ಎರಡಕ್ಕಿಂತ ಹೆಚ್ಚು ಸಲ ಕೈಹಾಕಬೇಕಾದರೆ ಬೇಡ.

ಪಾಠ ಶುರು ಮಾಡುವ ಮೊದಲು ಆಕೆ ತನ್ನ ನೇಮಕಾತಿ ಪತ್ರವನ್ನು ತೆಗೆದು ಓದಿದಳು. ಕೆಲಸದಲ್ಲಿರುವಾಗ ಬೇರೆಡೆ ದುಡಿಯಬಾರದು ಎಂಬ ಷರತ್ತು ಅದರಲ್ಲಿತ್ತು. ಹಾಗಾಗಿ ಭಾನುವಾರ ಉಚಿತವಾಗಿ ಪಾಠ ಮಾಡುವುದಾಗಿ ಮೇಲಧಿಕಾರಿಗೆ ಬರೆದು, ಲಿಖಿತ ಒಪ್ಪಿಗೆ ಪಡೆದಳು. ವರ್ಷವಿಡೀ ಯಾರಿಂದಲೂ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಹಲವರು ಇದನ್ನು ಕಡೆಗಣಿಸಿ ಟ್ಯೂಷನ್ ಶುಲ್ಕ ಪಡೆಯುತ್ತಾರೆ; ಹಳೆಯ ಕೆಲಸವೂ ಕೈಬಿಟ್ಟು ಹೊಸದೂ ಗಟ್ಟಿಯಾಗದ ಸ್ಥಿತಿ ಬರುವುದು ಹೀಗೆಯೇ.

ಭಾನುವಾರಗಳು

ಜೂನ್ ಎರಡನೆಯ ವಾರದಿಂದ ಮಂಡಕ್ಕಿ ಭಟ್ಟಿಗಳ ಹತ್ತಿರದ ಒಂದು ಸಮುದಾಯ ಭವನದಲ್ಲಿ ಹತ್ತನೆಯ ತರಗತಿಯ ಹನ್ನೊಂದು ಮಕ್ಕಳಿಗೆ ಬೆಳಗ್ಗೆ ಎರಡು ಗಂಟೆ ಗಣಿತ. ಎಲ್ಲರೂ ಕನ್ನಡ ಮಾಧ್ಯಮದವರು. ಅವರಲ್ಲೊಬ್ಬ ಹುಡುಗ ನಸುಕಿನಲ್ಲಿ ಅಪ್ಪನ ಜೊತೆ ಭಟ್ಟಿಯಲ್ಲಿ ಮಂಡಕ್ಕಿ ಚೀಲ ಹೊಲಿದು ಬರುತ್ತಿದ್ದ. ಹೊಗೆಗೆ ಕಣ್ಣು ಕೆಂಪಾಗಿರುತ್ತಿತ್ತು, ಅಂಗಿಗೆ ಹೊಟ್ಟು ಅಂಟಿರುತ್ತಿತ್ತು. ಅವನನ್ನು ಮತ್ತೆ ನೆನೆಯುತ್ತೇನೆ.

ಮೊದಲ ಮೂರು ವಾರ ಆಕೆ ಹಬ್ಬ ಮುಗಿಸಿ ಬಂದವಳಂತೆ ಬರುತ್ತಿದ್ದಳು. "ಅರ್ಥವಾಯಿತಾ ಎಂದರೆ ಎಲ್ಲರೂ ಹೌದು ಮಿಸ್ ಎನ್ನುತ್ತಾರೆ ಸರ್." ನಾನು ಮುಂದಿನ ಭಾನುವಾರ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಒಳ್ಳೆಯ ವಿವರಣೆ, ಅಚ್ಚುಕಟ್ಟಾದ ಬೋರ್ಡು. ಆದರೆ ಎರಡು ಗಂಟೆಯ ಉದ್ದಕ್ಕೂ ಸೀಮೆಸುಣ್ಣ ಆಕೆಯ ಕೈಯಲ್ಲೇ ಇತ್ತು. ಲೆಕ್ಕ ಬಿಡಿಸಿದ್ದು ಆಕೆ, ಮಕ್ಕಳು ನಕಲು ಮಾಡಿಕೊಂಡರು. "ಹೌದು ಮಿಸ್" ಎಂಬುದು ಉತ್ತರವಲ್ಲ, ಮರ್ಯಾದೆ. ಎದುರಿಗೆ ನಿಂತು ಕಷ್ಟಪಡುತ್ತಿರುವ ಮಿಸ್ಸಿಗೆ ಇಲ್ಲ ಎನ್ನಲು ನಮ್ಮ ಮಕ್ಕಳಿಗೆ ಬಾಯಿ ಬರುವುದಿಲ್ಲ.

ನನ್ನ ಸಲಹೆಯಂತೆ ಅದರ ಮುಂದಿನ ವಾರ, ಬಂದವರನ್ನು ಕೂರಿಸಿದ ಕೂಡಲೇ, ಹಿಂದಿನ ವಾರ ಬಿಡಿಸಿದ್ದ ಲೆಕ್ಕವನ್ನೇ ಸಂಖ್ಯೆ ಬದಲಿಸಿ ಕೊಟ್ಟಳು. ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ, ವರ್ಜಿಸುವ ವಿಧಾನ:

2x + 3y = 12
2x − 5y = −4

ಮೇಲಿನದರಿಂದ ಕೆಳಗಿನದನ್ನು ಕಳೆದರೆ 8y = 16; y = 2, x = 3. ಹನ್ನೊಂದರಲ್ಲಿ ಸರಿ ಮಾಡಿದವರು ಮೂವರು.

ಆಕೆಗೆ ಅವಮಾನವಾದಂತಾಯಿತು. ಆದರೆ ಸಂಜೆ ಆ ಹಾಳೆಗಳನ್ನು ಹಿಡಿದು ನನ್ನ ಮನೆಗೇ ಬಂದಳು. ಇಬ್ಬರೂ ಒಂದೊಂದೇ ನೋಡಿದೆವು. ತಪ್ಪಿದ ಎಂಟರಲ್ಲಿ ಏಳು ಹಾಳೆಗಳಲ್ಲಿ ವಿಧಾನ ಸರಿಯಾಗಿಯೇ ಇತ್ತು. ಒಂದರ ಕೆಳಗೊಂದು ಬರೆದಿದ್ದರು, ಕಳೆಯಬೇಕೆಂದೂ ಗೊತ್ತಿತ್ತು. 3y ಇಂದ −5y ಕಳೆಯುವ ಜಾಗದಲ್ಲಿ −2y ಎಂದೋ 2y ಎಂದೋ ಬಂದಿತ್ತು. ಅಂದರೆ ಹತ್ತನೆಯ ತರಗತಿಯ ಪಾಠ ಹೋಗಿ ಏಳನೆಯ ತರಗತಿಯ ಪೂರ್ಣಾಂಕಗಳ ಮೇಲೆ ಮುಗ್ಗರಿಸಿ ಬಿದ್ದಿತ್ತು. ಭಟ್ಟಿಯ ಹುಡುಗನ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಒಂದು ಕಚ್ಚಾ ಲೆಕ್ಕವಿತ್ತು: −3 − 5 = 8. ಎರಡು ಸಲ ಅಳಿಸಿ, ಮೂರನೆಯ ಸಲವೂ ಅದನ್ನೇ ಬರೆದಿದ್ದ.

ಆ ಅಂಚಿನ ಲೆಕ್ಕದ ಮೇಲೆಯೇ ಈ ಪ್ರಕರಣ ತಿರುಗಿತು.

ಮುಂದಿನ ವಾರ ಆಕೆ ಅವನನ್ನು ಪಕ್ಕಕ್ಕೆ ಕರೆದು ಎಂಟು ಹೇಗೆ ಬಂತೆಂದು ಕೇಳಿದಳು. "ಮೈನಸ್ ಮೈನಸ್ ಸೇರಿದರೆ ಪ್ಲಸ್ ಅಲ್ಲವಾ ಮಿಸ್" ಎಂದ. ಅವನಿಗೆ ನಿಯಮ ಗೊತ್ತಿಲ್ಲವೆಂದಲ್ಲ, ಗುಣಾಕಾರದ ನಿಯಮವನ್ನು ಸಂಕಲನಕ್ಕೆ ಹೊತ್ತು ತಂದಿದ್ದ. ನಾನು ಪಾಠ ಮಾಡಿದ ಅಷ್ಟೂ ವರ್ಷ ಈ ತಪ್ಪನ್ನು ಕಂಡಿದ್ದೇನೆ. ಆಕೆ ಸಾಲದ ಮಾತಿಗೆ ಬಂದಳು: "ಅಂಗಡಿಯಲ್ಲಿ ಮೂರು ರೂಪಾಯಿ ಸಾಲ ಇದೆ. ಇವತ್ತು ಮತ್ತೆ ಐದು ರೂಪಾಯಿಯದು ಸಾಲ ತಂದೆ. ಈಗ ನಿನ್ನ ಹತ್ತಿರ ಎಂಟು ರೂಪಾಯಿ ಇದೆಯೋ, ಎಂಟು ರೂಪಾಯಿ ಸಾಲ ಇದೆಯೋ?" ಹುಡುಗ ನಕ್ಕುಬಿಟ್ಟ. ಹತ್ತು ಲೆಕ್ಕ ಕೊಟ್ಟಳು, ಹತ್ತನ್ನೂ ಸರಿ ಮಾಡಿದ. ಮೂರು ವಾರದ ನಂತರ ಮತ್ತೆ ಎಂಟು ಬರೆದ.

ಇಡೀ ದಿನದ ಶಾಲೆ

ಭಾನುವಾರ ಬರುವವರು ಬೇಕೆಂದು ಬರುವವರು. ಹನ್ನೊಂದು ಮಕ್ಕಳ ಪಾಠದಿಂದ ವೃತ್ತಿಯ ಬಗ್ಗೆ ನಿರ್ಧರಿಸಿದರೆ ಮೋಸ ಹೋದಂತೆ. ಒಂದು ಅನುದಾನಿತ ಪ್ರೌಢಶಾಲೆಯ ಗಣಿತ ಶಿಕ್ಷಕಿ ಹೆರಿಗೆ ರಜೆಯಲ್ಲಿದ್ದರು. ಮುಖ್ಯ ಶಿಕ್ಷಕರ ಜೊತೆ ಮಾತನಾಡಿ, ನವೆಂಬರ್ ಮೂರನೆಯ ವಾರದಿಂದ ನಾಲ್ಕು ವಾರ ಆಕೆ ಸ್ವಯಂಸೇವಕಿಯಾಗಿ ಆ ಪಾಠಗಳನ್ನು ತೆಗೆದುಕೊಳ್ಳುವಂತೆ ಏರ್ಪಾಡಾಯಿತು. ಕೂಡಿಟ್ಟ ಗಳಿಕೆ ರಜೆಯಲ್ಲಿ ಇಪ್ಪತ್ತು ದಿನ ಇದಕ್ಕೆ ಹೋಯಿತು. ಅದಕ್ಕೆ ಗಂಡ ಬೇಸರಪಟ್ಟುಕೊಂಡರು, ಆ ಬೇಸರ ನ್ಯಾಯವಾದದ್ದೇ; ಮಗಳ ರಜೆಗೆಂದು ಇಟ್ಟ ದಿನಗಳವು.

ಎಂಟನೆಯ ತರಗತಿಯ ಎರಡು ವಿಭಾಗ, ಒಂಬತ್ತನೆಯದು ಒಂದು. ಮೂರೂ ಸೇರಿ 138 ಮಕ್ಕಳು. ವಾರಕ್ಕೆ 26 ಅವಧಿ, ಪ್ರತಿಯೊಂದೂ ನಲವತ್ತು ನಿಮಿಷ. ಪಾಠದ ಗಂಟೆಗಳನ್ನಷ್ಟೇ ಕೂಡಿದರೆ ಹದಿನೇಳು ಚಿಲ್ಲರೆ, ಕಚೇರಿ ಕೆಲಸಕ್ಕೆ ಹೋಲಿಸಿದರೆ ಏನೂ ಅಲ್ಲ ಎನ್ನಿಸುತ್ತದೆ. ಮೊದಲ ವಾರಕ್ಕೇ ಆ ಭ್ರಮೆ ಹರಿಯಿತು. ನಾಲ್ಕನೆಯ ದಿನ ಗಂಟಲು ಕಟ್ಟಿತು. ದನಿಯನ್ನು ಏರಿಸದೆ ದೂರಕ್ಕೆ ಮುಟ್ಟಿಸುವುದನ್ನು ಯಾರೂ ಕಲಿಸಿರಲಿಲ್ಲ. ರೂಪಣಾತ್ಮಕ ಮೌಲ್ಯಮಾಪನದ ಉತ್ತರಪತ್ರಿಕೆಗಳು ಬಂದವು. ಒಂದಕ್ಕೆ ನಾಲ್ಕು ನಿಮಿಷವೆಂದರೂ 138ಕ್ಕೆ ಒಂಬತ್ತು ಗಂಟೆಗೂ ಹೆಚ್ಚು. ಅದೆಲ್ಲ ರಾತ್ರಿ, ಮಗಳು ಮಲಗಿದ ಮೇಲೆ. ಬಿಸಿಯೂಟದ ಸಾಲು ನೋಡಿಕೊಳ್ಳಬೇಕು, ಹಾಲು ಕೊಡುವಾಗ ನಿಲ್ಲಬೇಕು, ಅಂಕಗಳನ್ನು ವಹಿಗೂ ಗಣಕಕ್ಕೂ ಏರಿಸಬೇಕು, ರಜೆ ಹಾಕಿದವರ ತರಗತಿಗೆ ಹೋಗಿ ಕೂರಬೇಕು. ಎರಡನೆಯ ವಾರ ನೋಟ್‌ಬುಕ್ಕಿನಲ್ಲಿ ಆಕೆ ಬರೆದ ಸಾಲು ಹೀಗಿದೆ: "ಇವತ್ತು ಹೋಗಲು ಮನಸ್ಸಿರಲಿಲ್ಲ." ಮೂರನೆಯ ವಾರವೂ ಅದೇ ಸಾಲು. ಹಾಕಿಕೊಂಡಿದ್ದ ಮೊದಲ ಷರತ್ತಿಗೆ ಇನ್ನೊಂದೇ ವಾರ ಬಾಕಿ.

ಆದರೆ ಆಕೆಯನ್ನು ಕುಗ್ಗಿಸಿದ್ದು ದಣಿವಲ್ಲ. ಮೊದಲ ವಾರವೇ ಮೂರೂ ವಿಭಾಗಕ್ಕೆ −3 − 5 ಕೊಟ್ಟಿದ್ದಳು. 57 ಮಕ್ಕಳು ಎಂಟು ಎಂದು ಬರೆದರು. ಸಾಲದ ಉದಾಹರಣೆ, ಸಂಖ್ಯಾರೇಖೆ, ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಮಕ್ಕಳನ್ನೇ ಹಿಂದಕ್ಕೆ ನಡೆಸುವುದು, ಎಲ್ಲ ಆಯಿತು. ಅಂದೇ ಅವಧಿಯ ಕೊನೆಯಲ್ಲಿ ಚೀಟಿಯಲ್ಲಿ ಬರೆಸಿದಾಗ ತಪ್ಪಿದವರು 11 ಮಂದಿ ಮಾತ್ರ. ಒಂಬತ್ತು ದಿನದ ಮೇಲೆ ಹೇಳದೆ ಕೇಳದೆ ಮತ್ತೆ ಕೊಟ್ಟಳು. 34 ಮಂದಿ ಎಂಟಕ್ಕೆ ಮರಳಿದ್ದರು.

ಆ ಸಂಜೆ ಕುಂದವಾಡ ಕೆರೆಯ ಏರಿಯ ಮೇಲೆ ನಡೆಯುತ್ತ ಆಕೆ ಹೇಳಿದ ಮಾತು ನನಗೆ ಈಗಲೂ ನೆನಪಿದೆ. "ನನ್ನ ಕೆಲಸದಲ್ಲಿ ಸರಿಪಡಿಸಿದ ದೋಷ ಮರುಕಳಿಸಿದರೆ ನಡುವೆ ಯಾರೋ ಏನನ್ನೋ ಬದಲಿಸಿದ್ದಾರೆ ಎಂದರ್ಥ. ಹುಡುಕಿದರೆ ಸಿಗುತ್ತದೆ. ಇಲ್ಲಿ ಯಾರೂ ಏನನ್ನೂ ಬದಲಿಸಿಲ್ಲ ಸರ್. ಆದರೂ ಅದೇ ತಪ್ಪು ತಿರುಗಿ ಬಂದಿದೆ. ಹಾಗಾದರೆ ನಾನು ಮಾಡಿದ್ದೇನು?"

ಈ ವರ್ಷದಲ್ಲಿ ಪರೀಕ್ಷೆಯಾಗಬೇಕಿದ್ದದ್ದು ಇದೊಂದೇ ಎಂದು ನನಗೆ ಆಗ ಸ್ಪಷ್ಟವಾಯಿತು. ಕಲಿಸಿದಾಗ ಹಳೆಯ ತಪ್ಪು ಅಳಿಸಿಹೋಗುವುದಿಲ್ಲ. ಅದರ ಪಕ್ಕದಲ್ಲಿ ಹೊಸ ತಿಳಿವಳಿಕೆ ಬಂದು ಕೂರುತ್ತದೆ. ಎರಡರಲ್ಲಿ ಯಾವುದಕ್ಕೆ ಬಳಕೆ ಹೆಚ್ಚೋ ಅದು ಕೈಗೆ ಮೊದಲು ಬರುತ್ತದೆ. "ಮೈನಸ್ ಮೈನಸ್ ಪ್ಲಸ್" ಎಂಬುದನ್ನು ಮಗು ಎರಡು ವರ್ಷ ಜಪಿಸಿದೆ, ಸಾಲದ ಕಥೆಯನ್ನು ಕೇಳಿದ್ದು ಒಂದು ದಿನ. ಹಾಗಾಗಿ ಶಿಕ್ಷಕರ ಕೆಲಸ ಒಂದು ಸಲ ಚೆನ್ನಾಗಿ ವಿವರಿಸುವುದರಲ್ಲಿ ಮುಗಿಯುವುದಿಲ್ಲ. ಎರಡು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು, ಬೇರೆ ಪಾಠದ ನಡುವೆಯೂ ಅಲ್ಲಿಗೆ ಮರಳಬೇಕು. ಇದನ್ನು ವರ್ಷ ವರ್ಷವೂ ಹೊಸ ಮಕ್ಕಳೊಡನೆ, ಅದೇ ತಪ್ಪಿನೊಡನೆ ಮಾಡಬೇಕು. ಅದು ಸಹಿಸಲಾಗದವರು ಎಷ್ಟೇ ಜಾಣರಾಗಿದ್ದರೂ ಐದು ವರ್ಷದೊಳಗೆ ಮಕ್ಕಳನ್ನು ಬೈಯತೊಡಗುತ್ತಾರೆ. ಇಷ್ಟನ್ನು ಹೇಳಿ, "ಇದು ನಿನಗೆ ಬೇಸರ ತರುತ್ತದೆಯೋ ಇಲ್ಲವೋ ನೋಡಿಕೋ, ಉಳಿದದ್ದನ್ನು ಕಲಿಯಬಹುದು" ಎಂದೆ.

ನಾಲ್ಕನೆಯ ವಾರ ಆಕೆ ಪ್ರತಿ ಅವಧಿಯ ಮೊದಲ ಐದು ನಿಮಿಷವನ್ನು ಹಳೆಯ ಲೆಕ್ಕಕ್ಕೆ ಮೀಸಲಿಟ್ಟಳು. ಮೂರೇ ಲೆಕ್ಕ, ಬೋರ್ಡಿನ ಬಳಿ ಬರುವುದು ಮಕ್ಕಳು. ಕೊನೆಯ ದಿನದ ಚೀಟಿಯಲ್ಲಿ ತಪ್ಪು 19ಕ್ಕೆ ಇಳಿದಿತ್ತು. ಅದಕ್ಕಿಂತ ಮುಖ್ಯವಾಗಿ, ಆ ವಾರ ನೋಟ್‌ಬುಕ್ಕಿನಲ್ಲಿ ಹಿಂಜರಿಕೆಯ ಸಾಲು ಇರಲಿಲ್ಲ. ಅದರ ಜಾಗದಲ್ಲಿ ಯಾವ ಹತ್ತೊಂಬತ್ತು ಮಕ್ಕಳು ಎಂಬ ಪಟ್ಟಿಯಿತ್ತು.

ಹಣ, ಅರ್ಹತೆ

ಕೈಗೆ ಬರುತ್ತಿದ್ದ 96,000 ರೂಪಾಯಿಯಲ್ಲಿ 20,000 ಮಾತ್ರ ಮನೆಗೆ ಎಂದು ಜೂನಿನಲ್ಲೇ ಕಟ್ಟು ಹಾಕಿಕೊಂಡಿದ್ದಳು. ಇಲ್ಲಿಯ ಖಾಸಗಿ ಪ್ರೌಢಶಾಲೆಗಳಲ್ಲಿ ವಿಚಾರಿಸಿದಾಗ ಬಿ.ಇಡಿ. ಆದವರಿಗೆ ಸಿಗಬಹುದೆಂದು ತಿಳಿದ ಮೊತ್ತ ಅದು. ಉಳಿದ 76,000 ಬೇರೆ ಖಾತೆಗೆ. ಗಂಡನ ಸಂಬಳ 46,000 ಸೇರಿ, ಮನೆ ಸಾಲದ ಕಂತು 24,000 ಕಳೆದು, 42,000ದಲ್ಲಿ ತಿಂಗಳು ದೂಡಬೇಕು. ವರ್ಷದಲ್ಲಿ ಎರಡು ಸಲ ಆ ಖಾತೆಗೆ ಕೈಹಾಕಬೇಕಾಯಿತು: ಮಳೆಗಾಲದಲ್ಲಿ ತಾರಸಿ ಸೋರಿದಾಗ 35,000, ನಾದಿನಿಯ ಮದುವೆಗೆ 60,000. ಷರತ್ತಿನ ಗಡಿಯವರೆಗೆ ಬಂದು ನಿಂತಿತು. ವರ್ಷದ ಕೊನೆಗೆ ಖಾತೆಯಲ್ಲಿ ಉಳಿದದ್ದು 8,17,000. ಒಂದೇ ಸಂಬಳದ ಮನೆಯಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು.

ಅರ್ಹತೆಯ ವಿಷಯ ಹೆಚ್ಚಿನವರು ಕೊನೆಗೆ ನೋಡುತ್ತಾರೆ, ಮೊದಲೇ ನೋಡಬೇಕು. ಪದವಿಪೂರ್ವ ಕಾಲೇಜಿಗೆ ಸ್ನಾತಕೋತ್ತರ ಪದವಿ ಬೇಕು, ಆ ಬಾಗಿಲು ಮುಚ್ಚಿತ್ತು. ಪಾಲಿಟೆಕ್ನಿಕ್ ಉಪನ್ಯಾಸಕಿಯಾಗಲು ಪ್ರಥಮ ದರ್ಜೆಯ ಬಿ.ಇ. ಸಾಕು. ಜನವರಿಯಲ್ಲಿ ಒಂದು ಪಾಲಿಟೆಕ್ನಿಕ್‌ನಲ್ಲಿ ನಾಲ್ಕು ಅತಿಥಿ ಉಪನ್ಯಾಸ ಕೊಟ್ಟು ಬಂದಳು. ಸಲೀಸಾಗಿ ಆಯಿತು. ಅದನ್ನೇ ಹಿಡಿಯುತ್ತಾಳೆ ಎಂದುಕೊಂಡಿದ್ದೆ, ಹಿಡಿಯಲಿಲ್ಲ. "ಅಲ್ಲಿ ನನಗೆ ಗೊತ್ತಿರುವುದನ್ನು ಹೇಳಿ ಬಂದೆ. ಅವರು ಎಲ್ಲಿ ತಪ್ಪುತ್ತಾರೆ ಎಂದು ಹುಡುಕಲೇ ಇಲ್ಲ" ಎಂದಳು. ನಾಲ್ಕು ಉಪನ್ಯಾಸ ಪರೀಕ್ಷೆಯೇ ಅಲ್ಲ, ಆ ದಾರಿಯನ್ನು ಆಕೆ ಇನ್ನಷ್ಟು ನೋಡಬೇಕಿತ್ತು ಎಂಬ ನನ್ನ ತಕರಾರು ಹಾಗೆಯೇ ಇದೆ.

ಪ್ರೌಢಶಾಲೆಗೆ ಬಿ.ಇಡಿ. ಬೇಕೇ ಬೇಕು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮದಂತೆ ಅದು ಎರಡು ವರ್ಷದ್ದು, ಶೇ. 55 ಅಂಕವಿರುವ ಇಂಜಿನಿಯರಿಂಗ್ ಪದವೀಧರರಿಗೂ ಪ್ರವೇಶವಿದೆ. ಆದರೆ ಪದವಿಯಲ್ಲಿ ವಿಜ್ಞಾನ ಮತ್ತು ಗಣಿತದ ವಿಶೇಷ ಅಧ್ಯಯನ ಇರಬೇಕೆಂಬ ಮಾತೂ ಅಲ್ಲಿದೆ, ಆದ್ದರಿಂದ ತನ್ನ ಅಂಕಪಟ್ಟಿ ಹಿಡಿದುಕೊಂಡು ಹೋಗಿ ಮೊದಲೇ ವಿಚಾರಿಸಿ ಬಂದಳು. ಕೆಲಸದ ಜೊತೆಗೇ ಮುಗಿಸಬಹುದೇ ಎಂದು ಗಂಡ ಕೇಳಿದರು. ಆಗುವುದಿಲ್ಲ. ತರಗತಿಗಳಿಗೆ ಶೇ. 80, ಶಾಲಾ ತರಬೇತಿಗೆ ಶೇ. 90 ಹಾಜರಿ ಕಡ್ಡಾಯ. ರಾಜೀನಾಮೆಯ ಪ್ರಶ್ನೆ ನಿಜವಾಗಿ ಎದ್ದದ್ದು ಈ ಹಾಜರಿಯಿಂದ. ಎರಡು ವರ್ಷ ಆಕೆಯ ಪಾಲಿನ 20,000ವೂ ಇರುವುದಿಲ್ಲ, ಅಂದರೆ 4,80,000 ಖಾತೆಯಿಂದ ಬರಬೇಕು. ಮಿಕ್ಕದ್ದು ಶುಲ್ಕಕ್ಕೆ, ಆಪತ್ತಿಗೆ. ಕಂಪನಿಯ ಆರೋಗ್ಯ ವಿಮೆ ಕೆಲಸದೊಂದಿಗೇ ಹೋಗುತ್ತದೆ. ಅತ್ತೆಗೆ ಸಕ್ಕರೆ ಕಾಯಿಲೆ ಇರುವುದರಿಂದ ಕೆಲಸದಲ್ಲಿರುವಾಗಲೇ ಸ್ವಂತ ವಿಮೆ ಮಾಡಿಸಿದಳು. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಅಷ್ಟು ಬೇಗ ಓಡತೊಡಗಲಿ ಎಂದು.

ಫೆಬ್ರುವರಿಯ ಪತ್ರ, ಏಪ್ರಿಲಿನ ಪತ್ರ

ಫೆಬ್ರುವರಿಯಲ್ಲಿ ಕಚೇರಿಯಲ್ಲಿ ಮೂರು ರಾತ್ರಿ ನಿದ್ದೆಗೆಟ್ಟು, ಆಗದ ತಪ್ಪಿಗೆ ಮಾತು ಕೇಳಿಸಿಕೊಂಡು, ಮರುದಿನ ರಾಜೀನಾಮೆ ಪತ್ರದ ಕರಡನ್ನು ನನಗೆ ಕಳುಹಿಸಿದಳು. ಬೇಡವೆಂದೆ. ಸಿಟ್ಟಿನಿಂದ ಹೊರಟವರು ತರಗತಿಗೂ ಆ ಸಿಟ್ಟನ್ನು ಒಯ್ಯುತ್ತಾರೆ, ಮೊದಲ ಕಷ್ಟಕ್ಕೆ ಹಳೆಯ ಸಂಬಳವನ್ನು ನೆನೆಯುತ್ತಾರೆ. ಏಪ್ರಿಲಿನಲ್ಲಿ ಸಂಬಳ ಏರಿಕೆಯ ಪತ್ರ ಬರಲಿ, ಕೆಲಸ ಚೆನ್ನಾಗಿರುವ ಒಂದು ವಾರ ಬರಲಿ, ಆಗಲೂ ಬಿಡಬೇಕೆನ್ನಿಸಿದರೆ ಬಿಡು ಎಂದೆ. ತಡ ಮಾಡಿದ್ದರಿಂದ ಇನ್ನೊಂದು ಅನುಕೂಲವೂ ಆಯಿತು. ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಸಿಗುವ ಉಪದಾನದ, ಅಂದರೆ ಗ್ರಾಚ್ಯುಟಿಯ ಲೆಕ್ಕದಲ್ಲಿ ಕೊನೆಯ ವರ್ಷದಲ್ಲಿ ಆರು ತಿಂಗಳು ಮೀರಿದ ಸೇವೆಯನ್ನು ಪೂರ್ಣ ವರ್ಷವೆಂದು ಹಿಡಿಯುತ್ತಾರೆ. ಫೆಬ್ರುವರಿಯಲ್ಲಿ ಕೊಟ್ಟಿದ್ದರೆ ತೊಂಬತ್ತು ದಿನದ ನೋಟಿಸ್ ಮುಗಿಯುವಾಗ ಒಂಬತ್ತು ವರ್ಷ ಐದು ತಿಂಗಳು, ಅಂದರೆ ಒಂಬತ್ತೇ ವರ್ಷ. ಏಪ್ರಿಲ್ ಕೊನೆಗೆ ಕೊಟ್ಟರೆ ಜುಲೈ ಕೊನೆಗೆ ಹತ್ತು. ಮೂಲ ವೇತನ 48,000ಕ್ಕೆ 26ರಲ್ಲಿ 15 ಪಾಲಿನಂತೆ ಆ ಒಂದು ವರ್ಷದ ಬೆಲೆ ಸುಮಾರು 27,700 ರೂಪಾಯಿ.

ಏರಿಕೆಯ ಪತ್ರ ಬಂತು, ಒಳ್ಳೆಯ ಏರಿಕೆಯೇ. ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆ ಏಪ್ರಿಲ್ ಮೊದಲ ವಾರಕ್ಕೆ ಮುಗಿದಿತ್ತು. ಫಲಿತಾಂಶಕ್ಕೆ ಮುನ್ನವೇ ನಿರ್ಧರಿಸುವಂತೆ ಹೇಳಿದ್ದೆ; ಮಕ್ಕಳು ಗೆದ್ದರೆ ಉಬ್ಬಿ ಹೊರಡುವುದೂ, ಸೋತರೆ ಕುಗ್ಗಿ ಉಳಿಯುವುದೂ ಎರಡೂ ತಪ್ಪು. ಏಪ್ರಿಲ್ 28ರಂದು ಆಕೆ ರಾಜೀನಾಮೆ ಕೊಟ್ಟಳು. ಮೇ 2ರಂದು ಫಲಿತಾಂಶ ಬಂತು. ಹನ್ನೊಂದರಲ್ಲಿ ಇಬ್ಬರು ನಡುವೆಯೇ ಪಾಠ ಬಿಟ್ಟಿದ್ದರು. ಉಳಿದ ಒಂಬತ್ತರಲ್ಲಿ ಎಂಟು ಮಂದಿ ಗಣಿತದಲ್ಲಿ ಪಾಸು. ಆಗದವನು ಭಟ್ಟಿಯ ಹುಡುಗ. ಮೇ ತಿಂಗಳಿಡೀ ದಿನ ಬಿಟ್ಟು ದಿನ ಸಂಜೆ ಅವನನ್ನು ಕೂರಿಸಿಕೊಂಡಳು. ಎರಡನೆಯ ಪರೀಕ್ಷೆಯಲ್ಲಿ ಪಾಸಾದ.

ಆಗಸ್ಟ್ ಮೊದಲ ಭಾನುವಾರ, ಕೆಲಸವಿಲ್ಲದ ಮೊದಲ ವಾರದ ಕೊನೆಗೆ, ಆಕೆ ಫೋನ್ ಮಾಡಿದಳು. ಹೊಸ ತಂಡ, ಹದಿನಾಲ್ಕು ಮಕ್ಕಳು.

"−3 − 5 ಕೊಟ್ಟೆ ಸರ್. ಒಂಬತ್ತು ಜನ ಎಂಟು ಎಂದು ಬರೆದಿದ್ದಾರೆ."

ನಾನು ಏನನ್ನೂ ಹೇಳುವ ಮೊದಲೇ ಮುಂದುವರಿಸಿದಳು. "ಈಗ ಬಿಡುವಿದೆಯಲ್ಲ, ಮುಂದಿನ ಭಾನುವಾರದವರೆಗೆ ಬಿಡುವುದಿಲ್ಲ. ಬುಧವಾರ ಸಂಜೆ ಅರ್ಧ ಗಂಟೆ ಕರೆಯಲೇ? ಭಟ್ಟಿಯ ಹುಡುಗ ತಾನೂ ಬಂದು ಬೋರ್ಡಿನ ಬಳಿ ನಿಲ್ಲುತ್ತೇನೆ ಎಂದಿದ್ದಾನೆ."